ದೊಡ್ಡಮ್ಮನ ಚೀಟಿಯಲ್ಲಿ OD, BD, SOS: ಫೋಟೋ ನೋಡಿ ಹಿರಿಯರಿಗೆ ಹೇಳಿಕೊಡುವುದು ಹೇಗೆ?

ಕಳೆದ ತಿಂಗಳು ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಮ್ಮನ ಪಕ್ಕದ ಮನೆ ಹುಡುಗ ನನಗೆ ಒಂದು ಫೋಟೋ ಕಳಿಸಿದ. ಡಾಕ್ಟರ ಚೀಟಿ. ಅದರ ಕೆಳಗೆ ದೊಡ್ಡಮ್ಮನ ಧ್ವನಿ: "ಪುಟ್ಟಿ, ಇದ್ರಲ್ಲಿ ಏನ್ ಬರ್ದಿದಾರೆ ಅಂತ ಸರಿಯಾಗಿ ಹೇಳು. ಮೆಡಿಕಲ್‌ನವ್ರು ಹೇಳಿದ್ರು, ಮನೆಗೆ ಬರೋಷ್ಟ್ರಲ್ಲಿ ಮರ್ತೇಹೋಯ್ತು."

ನಾನು ಶಿವಮೊಗ್ಗದಲ್ಲಿ ಮೆಡಿಕಲ್ ಶಾಪ್ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ಇಂಥ ಫೋಟೋ ನನಗೆ ವಾರಕ್ಕೆ ನಾಲ್ಕಾದರೂ ಬರುತ್ತವೆ. ನಿಮಗೂ ಬರುತ್ತಿರಬಹುದು. ಮನೆಯಲ್ಲಿ ಸ್ವಲ್ಪ ಇಂಗ್ಲಿಷ್ ಬಲ್ಲವರಿಗೆ ಈ ಕೆಲಸ ತಾನಾಗಿಯೇ ಬಂದು ಸೇರುತ್ತದೆ ಅಲ್ವಾ? OD ಅಂದರೆ ದಿನಕ್ಕೊಂದು, BD ಅಂದರೆ ದಿನಕ್ಕೆರಡು ಅಂತ ಹೇಳುವುದು ಸುಲಭ. ಆದರೆ 74 ವರ್ಷದ ಒಬ್ಬರಿಗೆ ಅಷ್ಟು ಹೇಳಿದರೆ ಸಾಲದು. ದೊಡ್ಡಮ್ಮನ ಚೀಟಿಯನ್ನೇ ಇಟ್ಟುಕೊಂಡು, ನಾನು ಮಾಡಿದ್ದನ್ನು ಮೊದಲಿಂದ ಬರೆಯುತ್ತೇನೆ.

ಮೊದಲು ಫೋಟೋ ಸರಿಯಾಗಲಿ

ಹುಡುಗ ಕಳಿಸಿದ ಮೊದಲ ಫೋಟೋದಲ್ಲಿ ಚೀಟಿ ಪ್ಲಾಸ್ಟಿಕ್ ಕವರಿನೊಳಗೇ ಇತ್ತು. ಫ್ಲ್ಯಾಶ್ ಬೆಳಕು ಬಿದ್ದು ಮಧ್ಯದ ಎರಡು ಸಾಲು ಬೆಳ್ಳಗಾಗಿದ್ದವು. ಬಲಗಡೆ ಅಂಚು ಕತ್ತರಿಸಿಹೋಗಿತ್ತು. ಮಾತ್ರೆ ಎಷ್ಟು ಸಲ, ಎಷ್ಟು ದಿನ ಅನ್ನುವುದನ್ನು ಡಾಕ್ಟರು ಬರೆಯುವುದೇ ಬಲಗಡೆ. ಹೆಸರಿದೆ, ಲೆಕ್ಕ ಇಲ್ಲ ಅನ್ನುವ ಚೀಟಿಯಿಂದ ಏನೂ ಹೇಳಲಾಗದು.

"ಚೀಟಿ ಕವರಿಂದ ತೆಗಿ, ಜಗಲಿ ಮೇಲೆ ಹಗಲು ಬೆಳಕಲ್ಲಿ ಚಪ್ಪಟೆಯಾಗಿ ಇಡು, ಫ್ಲ್ಯಾಶ್ ಬೇಡ, ನಾಲ್ಕು ಮೂಲೆಯೂ ಕಾಣಬೇಕು" ಅಂತ ಹುಡುಗನಿಗೆ ಹೇಳಿದೆ. ಹಿಂಬದಿಯ ಫೋಟೋವನ್ನೂ ಕೇಳಿದೆ. ಎಷ್ಟೋ ಸಲ ಮುಂದಿನ ಭೇಟಿಯ ದಿನ, ಕೊನೆಯ ಒಂದು ಮಾತ್ರೆ ಹಿಂದೆ ಬರೆದಿರುತ್ತಾರೆ. ವಾಟ್ಸಾಪ್‌ನಲ್ಲಿ ಸಾದಾ ಫೋಟೋ ಕಳಿಸಿದರೆ ಅಕ್ಷರ ಮಸುಕಾಗುವುದುಂಟು. ಡಾಕ್ಯುಮೆಂಟ್ ಅಂತ ಕಳಿಸಿದರೆ ಹಿಗ್ಗಿಸಿ ನೋಡಿದರೂ ಸ್ಪಷ್ಟವಾಗಿರುತ್ತದೆ.

ಚೀಟಿಯ ಜೊತೆ ಇನ್ನೆರಡು ಫೋಟೋ ಬೇಕೇ ಬೇಕು. ಅಂಗಡಿಯ ಬಿಲ್ಲು ಒಂದು, ಕೊಟ್ಟ ಮಾತ್ರೆಗಳ ಶೀಟು ಇನ್ನೊಂದು. ಕೈಬರಹ ನೋಡಿ ಹೆಸರು ಊಹಿಸುವ ಗೊಡವೆಗೆ ನಾನೂ ಹೋಗುವುದಿಲ್ಲ, ನೀವೂ ಹೋಗಬೇಡಿ. ಒಂದೆರಡು ಅಕ್ಷರ ಮಾತ್ರ ಬೇರೆ ಇರುವ ಮಾತ್ರೆ ಹೆಸರುಗಳು ಬೇಕಾದಷ್ಟಿವೆ. ಚೀಟಿಯಲ್ಲಿರುವ ಹೆಸರು, ಬಿಲ್ಲಿನ ಹೆಸರು, ಶೀಟಿನ ಹೆಸರು ಮೂರೂ ತಾಳೆಯಾಗಬೇಕು. ಪಕ್ಕದ ಮಿಲಿಗ್ರಾಂ ಅಂಕಿಯೂ ಅಷ್ಟೇ. ಆಗದಿದ್ದರೆ ಮೊದಲು ಆ ಅಂಗಡಿಗೇ ಫೋನ್ ಮಾಡಿ. ಚೀಟಿಯಲ್ಲಿ ಒಂದು ಕಂಪನಿ ಹೆಸರು, ಶೀಟಿನಲ್ಲಿ ಇನ್ನೊಂದು ಇದ್ದರೆ ಗಾಬರಿಯಾಗಬೇಡಿ. ಶೀಟಿನಲ್ಲಿ ಸಣ್ಣ ಅಕ್ಷರದಲ್ಲಿ ಒಳಗಿನ ಔಷಧಿಯ ಹೆಸರಿರುತ್ತದೆ. ಅದು ಒಂದೇನಾ ಅಂತ ಅಂಗಡಿಯವರನ್ನು ಕೇಳಿ ಖಾತ್ರಿ ಮಾಡಿಕೊಂಡರಾಯಿತು.

ಚೀಟಿಯ ತಾರೀಖು, ರೋಗಿಯ ಹೆಸರು ನೋಡುವುದನ್ನು ಮರೆಯಬೇಡಿ. ಮನೆಯಲ್ಲಿ ಹಳೇ ಚೀಟಿಗಳೆಲ್ಲ ಒಂದೇ ಕವರಿನಲ್ಲಿರುತ್ತವೆ. ದೊಡ್ಡಪ್ಪನದೂ ಅದರಲ್ಲೇ ಇರುತ್ತದೆ.

ಚೀಟಿ ಹೀಗಿತ್ತು

```
Tab. PANTOPRAZOLE 40              OD  BBF
Tab. GLIMEPIRIDE 1+METFORMIN 500  BD  AC
Tab. AMLODIPINE 5                 OD
Cap. VITAMIN D3 60K               1/week x 8
Tab. PARACETAMOL 650              SOS
x 1/12
```

ಈ ಎರಡಕ್ಷರ, ಮೂರಕ್ಷರಗಳಲ್ಲಿ ಹೆಚ್ಚಿನವು ಹಳೇ ಲ್ಯಾಟಿನ್ ಮಾತುಗಳ ಚುಟುಕು ರೂಪ. ಡಾಕ್ಟರಿಗೂ ಅಂಗಡಿಯವರಿಗೂ ಇದು ಬೇಗ ಮುಗಿಯುವ ಭಾಷೆ. OD ದಿನಕ್ಕೆ ಒಂದು ಸಲ. BD ದಿನಕ್ಕೆ ಎರಡು ಸಲ, ಕೆಲವರು BID ಅಂತಲೂ ಬರೆಯುತ್ತಾರೆ. TDS ಅಥವಾ TID ಅಂದರೆ ಮೂರು ಸಲ, QID ನಾಲ್ಕು ಸಲ. HS ಅಂದರೆ ರಾತ್ರಿ ಮಲಗುವಾಗ. AC ಊಟಕ್ಕೆ ಮುಂಚೆ, PC ಊಟದ ನಂತರ. BBF ಅಂದರೆ ಬೆಳಗಿನ ತಿಂಡಿಗೆ ಮುಂಚೆ. SOS ಅಂದರೆ ಬೇಕಾದಾಗ ಮಾತ್ರ.

ಅಕ್ಷರದ ಬದಲು 1-0-1 ಅಂತ ಬರೆದಿದ್ದರೆ ಇನ್ನೂ ಸಲೀಸು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಎಡದಿಂದ ಓದಬೇಕು. 1-0-1 ಅಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. 0-0-1 ಅಂದರೆ ರಾತ್ರಿ ಮಾತ್ರ.

ಕೆಳಗಿನ x 1/12 ಅನ್ನುವುದು ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಪಕ್ಕದ ಮನೆ ಹುಡುಗ ಅದನ್ನು "ಹನ್ನೆರಡು ಗಂಟೆಗೊಂದು" ಅಂತ ಓದಿದ್ದ. ಅದು ಒಂದು ತಿಂಗಳು ಅಂತ. ವರ್ಷಕ್ಕೆ 12 ತಿಂಗಳು, ಅದರಲ್ಲಿ ಒಂದು. ಹಾಗೆಯೇ 5/7 ಅಂದರೆ ಐದು ದಿನ, 2/52 ಅಂದರೆ ಎರಡು ವಾರ. ಕೆಳಗಿನ ಅಂಕಿ 7 ಆದರೆ ದಿನ, 52 ಆದರೆ ವಾರ, 12 ಆದರೆ ತಿಂಗಳು. ಮಾತ್ರೆ ಹೆಸರಿನ ಪಕ್ಕ ½ ಇದ್ದರೆ ಮಾತ್ರ ಅರ್ಧ ಮಾತ್ರೆ.

ಕೈಬರಹದಲ್ಲಿ OD ಮತ್ತು BD ಒಂದಕ್ಕೊಂದು ಹೋಲುತ್ತವೆ. ಅವಸರದಲ್ಲಿ ಬರೆದ O ಸುತ್ತು ಕೂಡದೆ B ಹಾಗೆ ಕಾಣುತ್ತದೆ. ಇದಕ್ಕೆ ಬಿಲ್ಲು ನೋಡುವುದು ಒಳ್ಳೇ ಉಪಾಯ. ಒಂದು ತಿಂಗಳ ಚೀಟಿಗೆ 30 ಮಾತ್ರೆ ಕೊಟ್ಟಿದ್ದರೆ ಅಂಗಡಿಯವರು OD ಅಂತ ಓದಿದ್ದಾರೆ, 60 ಕೊಟ್ಟಿದ್ದರೆ BD ಅಂತ ಓದಿದ್ದಾರೆ. ದೊಡ್ಡಮ್ಮನ ಬಿಲ್ಲಿನಲ್ಲಿ ಸಕ್ಕರೆ ಮಾತ್ರೆ 60, ಬಿಪಿ ಮಾತ್ರೆ 30 ಇತ್ತು. ಸರಿಹೋಯಿತು. ಹದಿನೈದು ದಿನಕ್ಕೆ ಮಾತ್ರ ತಂದಿದ್ದರೆ ಅದರ ಅರ್ಧ ಲೆಕ್ಕ ಹಿಡಿಯಿರಿ. ಅಂಗಡಿಯವರೂ ತಪ್ಪು ಓದಿರಬಹುದು, ಹಾಗಾಗಿ ಸ್ವಲ್ಪ ಅನುಮಾನ ಉಳಿದರೂ ಚೀಟಿಯ ಮೇಲಿರುವ ಕ್ಲಿನಿಕ್ ನಂಬರಿಗೆ ಫೋನ್ ಮಾಡುವುದೇ ಸರಿ.

ಕಣ್ಣಿನ ಆಸ್ಪತ್ರೆಯ ಚೀಟಿಯಾದರೆ OD ಅನ್ನುವುದಕ್ಕೆ ಬೇರೆಯದೇ ಅರ್ಥ ಇದೆ. ಅಲ್ಲಿ OD ಅಂದರೆ ಬಲಗಣ್ಣು, OS ಎಡಗಣ್ಣು, OU ಎರಡೂ ಕಣ್ಣು. ಕನ್ನಡಕದ ಚೀಟಿಯಲ್ಲಿ ಇದು ತೀರಾ ಸಾಮಾನ್ಯ. ಕಣ್ಣಿಗೆ ಬಿಡುವ ಹನಿಯ ಪಕ್ಕ OD ಕಂಡರೆ "ದಿನಕ್ಕೊಮ್ಮೆ" ಅಂತ ಹೇಳುವ ಮುಂಚೆ ಆಸ್ಪತ್ರೆಗೆ ಕೇಳಿ.

OD, BD ಅನ್ನು ಅವರ ದಿನಕ್ಕೆ ಹೊಂದಿಸಿ

ದೊಡ್ಡಮ್ಮನಿಗೆ "ದಿನಕ್ಕೆರಡು" ಅಂತ ಹೇಳಿದ್ದರೆ ಏನಾಗುತ್ತಿತ್ತು ಅಂತ ನನಗೆ ಗೊತ್ತು, ಯಾಕೆಂದರೆ ಹಿಂದೆ ಹಾಗೇ ಆಗಿತ್ತು. ಬೆಳಿಗ್ಗೆ ತಿಂಡಿಗೆ ಒಂದು, ಮಧ್ಯಾಹ್ನ ಊಟಕ್ಕೆ ಒಂದು ನುಂಗಿ, "ಎರಡಾಯ್ತಲ್ಲ" ಅಂತ ಸುಮ್ನಿದ್ದರು. ಲೆಕ್ಕ ಸರಿ, ಹೊತ್ತು ತಪ್ಪು. BD ಅಂದರೆ ಸುಮಾರು ಹನ್ನೆರಡು ಗಂಟೆ ಅಂತರ ಬೇಕು. ಬೆಳಿಗ್ಗೆ ಒಂದು, ರಾತ್ರಿ ಒಂದು.

ಹಾಗಾಗಿ ನಾನು ಮೊದಲು ಮಾತ್ರೆಯ ಮಾತೇ ಆಡಲಿಲ್ಲ. "ದೊಡ್ಡಮ್ಮ, ನೀವು ಎಷ್ಟೊತ್ತಿಗೆ ಏಳ್ತೀರಿ? ಕಾಫಿ ಯಾವಾಗ? ತಿಂಡಿ? ರಾತ್ರಿ ಊಟ?" ಅಂತ ಕೇಳಿದೆ. ಆರೂವರೆಗೆ ಏಳುತ್ತಾರೆ. ಏಳಕ್ಕೆ ಕಾಫಿ. ದೇವರ ಪೂಜೆ ಆಗಿ ಎಂಟೂವರೆಗೆ ತಿಂಡಿ. ರಾತ್ರಿ ಎಂಟಕ್ಕೆ ಊಟ. ಈ ನಾಲ್ಕು ಹೊತ್ತಿನಲ್ಲಿ ಮಾತ್ರೆಗಳನ್ನು ಕೂರಿಸಿದರೆ ಅವರಿಗೆ ನೆನಪಿಡುವ ಕಷ್ಟವೇ ಇಲ್ಲ.

ಮೊದಲ ಮಾತ್ರೆ ಪ್ಯಾಂಟೊಪ್ರಜೋಲ್, ಹೊಟ್ಟೆ ಉರಿ ತಡೆಯಲು. BBF ಅಂತ ಇದೆ. ಇದು ತಿನ್ನುವ ಅರ್ಧ ಗಂಟೆ ಮೊದಲು ಹೊಟ್ಟೆಗೆ ಹೋದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದ್ದರಿಂದ "ಎದ್ದು ಮುಖ ತೊಳೆದ ಕೂಡಲೇ, ನೀರಿನ ಜೊತೆ, ಕಾಫಿಗೆ ಅರ್ಧ ಗಂಟೆ ಮೊದಲು" ಅಂತ ಹೇಳಿದೆ. ಖಾಲಿ ಹೊಟ್ಟೆ ಅಂದರೆ ಕಾಫಿ ಕುಡಿಯಬಹುದು ಅಂತಲೇ ನಮ್ಮಲ್ಲಿ ಎಷ್ಟೋ ಜನ ತಿಳಿದಿದ್ದಾರೆ. ಥೈರಾಯ್ಡ್ ಮಾತ್ರೆಯ ವಿಷಯದಲ್ಲಂತೂ ಕಾಫಿ ಅದನ್ನು ಮೈಗೆ ಹತ್ತದ ಹಾಗೆ ಮಾಡುತ್ತದೆ. ಇದನ್ನು ಬಿಡಿಸಿ ಹೇಳಲೇಬೇಕು.

ಎರಡನೆಯದು ಸಕ್ಕರೆ ಮಾತ್ರೆ, BD, AC. ಊಟಕ್ಕೆ ಮುಂಚೆ ಅಂತ. ಎಷ್ಟು ಮುಂಚೆ? ಇಲ್ಲೇ ಅಪಾಯ ಇರುವುದು. ಇದರಲ್ಲಿರುವ ಗ್ಲಿಮೆಪಿರೈಡ್ ರಕ್ತದ ಸಕ್ಕರೆಯನ್ನು ಇಳಿಸುತ್ತದೆ, ನೀವು ಉಂಡಿದ್ದೀರೋ ಇಲ್ಲವೋ ಅಂತ ಅದು ನೋಡುವುದಿಲ್ಲ. ಮಾತ್ರೆ ನುಂಗಿ ಪೂಜೆಗೆ ಕೂತು, ಯಾರೋ ಬಂದು ಮಾತಾಡಿ, ತಿಂಡಿ ಹತ್ತೂವರೆ ಆದರೆ ಕೈ ನಡುಗುತ್ತದೆ, ಬೆವರುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಅದಕ್ಕೆ "ತಟ್ಟೆಗೆ ತಿಂಡಿ ಹಾಕ್ಕೊಂಡು ಕೂತ ಮೇಲೆ ಮಾತ್ರೆ ನುಂಗಿ, ನುಂಗಿದ ಕೂಡಲೇ ತಿನ್ನಿ. ತಿಂಡಿ ಎದುರಿಗೆ ಇಲ್ಲ ಅಂದ್ರೆ ಮಾತ್ರೆಯೂ ಇಲ್ಲ" ಅಂದೆ. ಬೆವರು, ನಡುಕ ಬಂದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, ಆಮೇಲೆ ಏನಾದರೂ ತಿಂದು, ಫೋನ್ ಮಾಡಿ ಅಂತಲೂ ಹೇಳಿದೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, 108ಕ್ಕೆ ಕರೆ ಮಾಡಬೇಕು. ಇದನ್ನು ಪಕ್ಕದ ಮನೆಯವರಿಗೆ ಹೇಳಿಟ್ಟೆ.

ಆಗ ಅವರು ಒಂದು ಮಾತು ಕೇಳಿದರು. "ಶನಿವಾರ ನಂದು ಒಪ್ಪತ್ತಲ್ಲ ಪುಟ್ಟಿ, ರಾತ್ರಿ ಒಂದು ಬಾಳೆಹಣ್ಣು ಅಷ್ಟೇ. ಆವತ್ತು ರಾತ್ರಿ ಮಾತ್ರೆ?" ನಾನು ಕೇಳಬೇಕಿದ್ದ ಪ್ರಶ್ನೆ ಅದು. ಒಪ್ಪತ್ತು, ಏಕಾದಶಿ, ರಂಜಾನ್ ಉಪವಾಸ ಯಾವುದಿದ್ದರೂ ಸಕ್ಕರೆ ಮಾತ್ರೆ ಇರುವವರ ಡಾಕ್ಟರಿಗೆ ಅದು ಗೊತ್ತಿರಬೇಕು. ಇದಕ್ಕೆ ನಾನೇ ಉತ್ತರ ಕೊಡಲಿಲ್ಲ. ಕ್ಲಿನಿಕ್ಕಿಗೆ ಫೋನ್ ಮಾಡಿ ಡಾಕ್ಟರನ್ನು ಕೇಳಿದೆ. ಅವರು ಶನಿವಾರ ರಾತ್ರಿಯದ್ದು ಬೇಡ ಅಂದರು. ಅದು ದೊಡ್ಡಮ್ಮನಿಗೆ ಹೇಳಿದ್ದು, ನಿಮ್ಮ ಮನೆಯವರಿಗೆ ಉತ್ತರ ಬೇರೆ ಇರಬಹುದು.

ಅದೇ ಫೋನಿನಲ್ಲಿ ಬಿಪಿ ಮಾತ್ರೆಯ ಹೊತ್ತನ್ನೂ ಕೇಳಿದೆ. ಆಮ್ಲೊಡಿಪಿನ್ ಪಕ್ಕ OD ಅಂತ ಮಾತ್ರ ಇದೆ, ಬೆಳಿಗ್ಗೆಯೋ ರಾತ್ರಿಯೋ ಬರೆದಿಲ್ಲ. ಈ ಮಾತ್ರೆಗೆ ಊಟದ ಹಂಗಿಲ್ಲ, ಆದರೆ ದಿನಾ ಒಂದೇ ಹೊತ್ತಿಗೆ ಆಗಬೇಕು. ಒಂದು ದಿನ ಬೆಳಿಗ್ಗೆ, ಮರುದಿನ ರಾತ್ರಿ ಅಂತ ಮಾಡಿದರೆ ತಗೊಂಡೆನೋ ಇಲ್ಲವೋ ಅನ್ನುವ ಗೊಂದಲ ಶುರುವಾಗುತ್ತದೆ. ತಿಂಡಿ ಆದ ಮೇಲೆ ಅಂತ ಗೊತ್ತುಮಾಡಿದೆವು.

ವಾರಕ್ಕೊಂದು ಅನ್ನುವುದನ್ನು ಬೇರೆಯೇ ಇಡಿ

ಆ ಚೀಟಿಯಲ್ಲಿ ನನಗೆ ಹೆಚ್ಚು ಹೆದರಿಕೆ ಇದ್ದದ್ದು ನಾಲ್ಕನೇ ಸಾಲಿನ ಬಗ್ಗೆ. ವಿಟಮಿನ್ ಡಿ 60K, ಅಂದರೆ 60,000 ಯೂನಿಟ್. ವಾರಕ್ಕೆ ಒಂದು, ಎಂಟು ವಾರ. ಎಂಟು ಕ್ಯಾಪ್ಸೂಲ್ ಇರುವ ಶೀಟು ಬೇರೆ ಮಾತ್ರೆಗಳ ಜೊತೆಗೇ ಇತ್ತು. ಉಳಿದ ಮಾತ್ರೆಗಳೆಲ್ಲ ದಿನಾ ಇರುವಾಗ ಇದನ್ನೂ ದಿನಾ ನುಂಗುವುದು ಎಷ್ಟು ಸುಲಭ ನೋಡಿ. ಹಾಗೆ ಬಹಳ ದಿನ ತಗೊಂಡರೆ ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿಯಾಗಿ ವಾಂತಿ, ಮಲಬದ್ಧತೆ, ಮಂಕು ಕವಿದ ಹಾಗಾಗುವುದು, ಕಿಡ್ನಿಗೆ ತೊಂದರೆ ಎಲ್ಲ ಬರುತ್ತವೆ. ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಕೂಡ ವಾರಕ್ಕೆ ಒಂದೇ ದಿನ ತಗೊಳ್ಳುವಂಥದ್ದು. ಅದನ್ನು ತಪ್ಪಿ ದಿನಾ ತಗೊಂಡು ಪ್ರಾಣ ಹೋದ ಉದಾಹರಣೆಗಳಿವೆ.

ವಾರದ ಮಾತ್ರೆಗೆ ಒಂದು ವಾರದ ಹೆಸರು ಕೊಡಿ. ದೊಡ್ಡಮ್ಮ ಭಾನುವಾರ ಅಂತ ಆರಿಸಿಕೊಂಡರು, ಬೆಳಿಗ್ಗೆ ತಿಂಡಿ ಆದ ಮೇಲೆ. ಕ್ಯಾಲೆಂಡರಿನಲ್ಲಿ ಎಂಟು ಭಾನುವಾರಕ್ಕೆ ಸುತ್ತು ಹಾಕಿಸಿದೆ. ಆ ಶೀಟನ್ನು ದಿನದ ಮಾತ್ರೆ ಡಬ್ಬಿಯಿಂದ ತೆಗೆದು, ಕ್ಯಾಲೆಂಡರ್ ಪಕ್ಕದ ಗೂಡಿನಲ್ಲಿ ಇಡಿಸಿದೆ.

SOS ಅನ್ನುವುದನ್ನು ನಿಧಾನವಾಗಿ ಹೇಳಿ

ಪ್ಯಾರಸಿಟಮಾಲ್ ಪಕ್ಕದ SOS ಬಗ್ಗೆ ಕೇಳಿದಾಗ ಗೊತ್ತಾಯಿತು, ಹಿಂದಿನ ತಿಂಗಳೂ ಅದೇ ಮಾತ್ರೆ ಬರೆದಿದ್ದರು, ಅವರು ಒಂದನ್ನೂ ಮುಟ್ಟಿರಲಿಲ್ಲ. ಮಂಡಿ ನೋವಿನಲ್ಲೇ ದಿನ ದೂಡಿದ್ದರು. ಪಕ್ಕದ ಮನೆ ಹುಡುಗನ ಫೋನಿನಲ್ಲಿ SOS ಅಂತ ಒಂದು ಬಟನ್ ಇದೆಯಂತೆ, ಪ್ರಾಣಾಪಾಯ ಆದಾಗ ಒತ್ತುವುದು. "ಅದಕ್ಕೇ ಜೀವಕ್ಕೆ ಬಂದಾಗ ತಗೊಳ್ಳೋ ಮಾತ್ರೆ ಅಂದ್ಕೊಂಡು ಎತ್ತಿಟ್ಟಿದ್ದೆ" ಅಂದರು. ಕೇಳಿ ನನಗೆ ಹೊಟ್ಟೆ ಉರಿಯಿತು. ನೋವು ತಿಂದಿದ್ದು ಒಂದು ಕಡೆ, ಎದೆನೋವು ಬಂದಿದ್ದರೆ ಅದನ್ನೇ ನುಂಗಿ ಕಾಯುತ್ತಿದ್ದರಲ್ಲ!

ಚೀಟಿಯ SOS ಅಪಾಯದ ಕೂಗಲ್ಲ. "ಬೇಕಾದರೆ ಮಾತ್ರ" ಅನ್ನುವ ಲ್ಯಾಟಿನ್ ಮಾತಿನ ಮೂರು ಅಕ್ಷರ. ಆದರೆ ಹಿರಿಯರಿಗೆ "ಬೇಕಾದಾಗ ತಗೊಳ್ಳಿ" ಅಂತ ಹೇಳಿ ಬಿಟ್ಟರೆ ಇನ್ನೊಂದು ತೊಂದರೆ. ಬೇಕು ಅನಿಸಿದಾಗೆಲ್ಲ ತಗೊಂಡುಬಿಡುತ್ತಾರೆ. SOS ಮಾತ್ರೆಗೆ ನಾಲ್ಕು ವಿಷಯ ಸೇರಿಸಿ ಹೇಳಬೇಕು: ಯಾವ ತೊಂದರೆಗೆ, ಒಂದು ಸಲಕ್ಕೆ ಎಷ್ಟು, ಇನ್ನೊಂದಕ್ಕೆ ಎಷ್ಟು ಹೊತ್ತು ಕಾಯಬೇಕು, ದಿನಕ್ಕೆ ಹೆಚ್ಚೆಂದರೆ ಎಷ್ಟು. ಚೀಟಿಯಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲ, ಡಾಕ್ಟರನ್ನು ಕೇಳಿ ತುಂಬಿಕೊಳ್ಳಬೇಕು. ದೊಡ್ಡಮ್ಮನ ಡಾಕ್ಟರು ಹೇಳಿದ್ದನ್ನು ನಾನು ಹೀಗೆ ಹೇಳಿದೆ: "ಮಂಡಿ ನೋವು ತಡೆಯೋಕಾಗ್ದಿದ್ರೆ, ಇಲ್ಲಾ ಜ್ವರ ಬಂದ್ರೆ, ಒಂದು ಮಾತ್ರೆ. ಇನ್ನೊಂದು ಬೇಕಂದ್ರೆ ಆರು ಗಂಟೆ ಬಿಟ್ಟು. ದಿನಕ್ಕೆ ಮೂರರ ಮೇಲೆ ಬೇಡ. ಮೂರು ದಿನ ಆದ್ರೂ ಬೇಕು ಅನಿಸ್ತಾ ಇದ್ರೆ ನಂಗೆ ಫೋನ್ ಮಾಡಿ. ನೋವಿಲ್ಲ ಅಂದ್ರೆ ತಗೊಳ್ಳೋದೇ ಬೇಡ."

ನೆಗಡಿಗೆ ಅಂಗಡಿಯಿಂದ ತರುವ ಹೆಚ್ಚಿನ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಇರುತ್ತದೆ. ಎರಡನ್ನೂ ಒಟ್ಟಿಗೆ ತಗೊಂಡರೆ ಪ್ರಮಾಣ ಮೀರಿ ಲಿವರಿಗೆ ಪೆಟ್ಟು. ಅದಕ್ಕೇ "ನೆಗಡಿ ಮಾತ್ರೆ ತಗೊಂಡ ದಿನ ಇದು ಬೇಡ, ಮೊದಲು ಕೇಳಿ" ಅಂತಲೂ ಸೇರಿಸಿದೆ.

ಎಲ್ಲ SOS ಮಾತ್ರೆಗಳೂ ನೋವಿನ ಮಾತ್ರೆಯಲ್ಲ. ಹೃದಯದ ತೊಂದರೆ ಇರುವವರಿಗೆ ಎದೆನೋವು ಬಂದಾಗ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಸಣ್ಣ ಮಾತ್ರೆಯ ಪಕ್ಕದಲ್ಲೂ SOS ಅಂತಲೇ ಇರುತ್ತದೆ. ಅದು ನಿಜವಾಗಿಯೂ ತುರ್ತಿನದು. ಕೂತುಕೊಂಡು ಇಟ್ಟುಕೊಳ್ಳಬೇಕು, ಏಕೆಂದರೆ ಬಿಪಿ ಇಳಿದು ತಲೆ ಸುತ್ತಬಹುದು. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ 108. ಹಾಗಾಗಿ SOS ಕಂಡಾಗ ಮಾತ್ರೆ ಯಾವುದು ಅಂತ ತಿಳಿಯದೆ ಅರ್ಥ ಹೇಳಬೇಡಿ.

ಬರೆದು ಕೊಡಿ, ಅವರ ಬಾಯಲ್ಲೇ ಕೇಳಿ

ಕೊನೆಗೆ ಒಂದು ಹಾಳೆ ಬೇಕು. ಮಾತ್ರೆಗೊಂದು ಸಾಲು ಬರೆಯಬೇಡಿ, ಹೊತ್ತಿಗೊಂದು ಸಾಲು ಬರೆಯಿರಿ. ದಪ್ಪ ಪೆನ್ನು, ದೊಡ್ಡ ಅಕ್ಷರ. ಹುಡುಗನ ಕೈಲಿ ನಾನು ಬರೆಸಿದ್ದು ಇದು:

ಎದ್ದ ಕೂಡಲೇ: ಗ್ಯಾಸ್ ಮಾತ್ರೆ 1, ನೀರಿನ ಜೊತೆ. ಅರ್ಧ ಗಂಟೆ ಬಿಟ್ಟು ಕಾಫಿ.
ತಿಂಡಿ ತಟ್ಟೆ ಎದುರಿಗೆ ಬಂದಾಗ: ಸಕ್ಕರೆ ಮಾತ್ರೆ 1.
ತಿಂಡಿ ಆದ ಮೇಲೆ: ಬಿಪಿ ಮಾತ್ರೆ 1. ಭಾನುವಾರ ಮಾತ್ರ ವಿಟಮಿನ್ 1.
ಮಧ್ಯಾಹ್ನ: ಏನೂ ಇಲ್ಲ.
ರಾತ್ರಿ ಊಟದ ತಟ್ಟೆ ಬಂದಾಗ: ಸಕ್ಕರೆ ಮಾತ್ರೆ 1. ಶನಿವಾರ ಬೇಡ.
ನೋವು, ಜ್ವರ ಇದ್ದರೆ ಮಾತ್ರ: ನೋವಿನ ಮಾತ್ರೆ 1. ಆರು ಗಂಟೆ ಅಂತರ. ದಿನಕ್ಕೆ ಮೂರರ ಮೇಲೆ ಬೇಡ.

"ಮಧ್ಯಾಹ್ನ ಏನೂ ಇಲ್ಲ" ಅನ್ನುವುದನ್ನು ಬರೆಯಲೇಬೇಕು. ಇಲ್ಲದಿದ್ದರೆ ಏನೋ ಮರೆತಿದ್ದೇನೆ ಅಂತ ಅವರಿಗೆ ಅನಿಸುತ್ತಿರುತ್ತದೆ. ಗ್ಯಾಸ್ ಮಾತ್ರೆ, ಸಕ್ಕರೆ ಮಾತ್ರೆ ಅನ್ನುವ ಹೆಸರನ್ನು ಆಯಾ ಶೀಟಿಗೂ ಚಿಕ್ಕ ಕಾಗದ ಅಂಟಿಸಿ ಬರೆಯಿರಿ, ಆದರೆ ಮುದ್ರಿತ ಹೆಸರು, ತಾರೀಖು ಮುಚ್ಚಬೇಡಿ. "ಕೆಂಪು ಮಾತ್ರೆ, ಬಿಳಿ ಮಾತ್ರೆ" ಅಂತ ಬಣ್ಣದಿಂದ ಕಲಿಸಬೇಡಿ. ಮುಂದಿನ ತಿಂಗಳು ಬೇರೆ ಕಂಪನಿಯದ್ದು ಬಂದರೆ ಬಣ್ಣ ಬದಲಾಗಿಬಿಡುತ್ತದೆ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ನುಂಗಬಾರದು ಅನ್ನುವುದನ್ನು ಹಾಳೆಯ ಕೆಳಗೆ ಬರೆಸಿ.

ಆಮೇಲೆ "ಅರ್ಥ ಆಯ್ತಾ?" ಅಂತ ಕೇಳಬೇಡಿ. ಎಲ್ಲರೂ ಹೂಂ ಅನ್ನುತ್ತಾರೆ. ನಾನು "ದೊಡ್ಡಮ್ಮ, ನಾಳೆ ಬೆಳಿಗ್ಗೆ ಎದ್ದು ಏನೇನು ಮಾಡ್ತೀರಿ, ನಂಗೊಮ್ಮೆ ಹೇಳಿ" ಅಂದೆ. ಗ್ಯಾಸ್ ಮಾತ್ರೆ, ಕಾಫಿ ಸರಿಯಾಗಿ ಹೇಳಿದರು. ಸಕ್ಕರೆ ಮಾತ್ರೆಯನ್ನು ಪೂಜೆಗೆ ಮುಂಚೆ ಅಂದರು. ಮತ್ತೆ ಆ ಒಂದನ್ನೇ ಹೇಳಿಕೊಟ್ಟೆ, ಮತ್ತೆ ಹೇಳಿಸಿದೆ.

ಒಂದು ವಾರ ಬಿಟ್ಟು ವಿಡಿಯೋ ಕಾಲ್ ಮಾಡಿ ಶೀಟುಗಳನ್ನು ತೋರಿಸಲು ಹೇಳಿದೆ. ಏಳು ದಿನಕ್ಕೆ ಬಿಪಿ ಮಾತ್ರೆ 7 ಖಾಲಿಯಾಗಿರಬೇಕು, ಆಗಿತ್ತು. ಸಕ್ಕರೆ ಮಾತ್ರೆ 14 ಹೋಗಬೇಕಿತ್ತು, ಶನಿವಾರ ರಾತ್ರಿಯದ್ದು ಬಿಟ್ಟು 13. ಅದೂ ಸರಿ. ವಿಟಮಿನ್ ಕ್ಯಾಪ್ಸೂಲ್ 7 ಉಳಿದಿದ್ದವು. ನೋವಿನ ಮಾತ್ರೆ ನಾಲ್ಕು ಖಾಲಿಯಾಗಿತ್ತು. "ಮಳೆ ಹಿಡ್ಕೊಂಡಿತ್ತಲ್ಲ, ಎರಡು ದಿನ ಮಂಡಿ ಎಳೀತು. ದಿನಕ್ಕೆರಡು ತಗೊಂಡೆ, ನಡುವೆ ಆರು ಗಂಟೆ ಬಿಟ್ಟಿದೀನಿ" ಅಂದರು.